ದೇವರ ಮನೆಯ ಹಿತ್ತಾಳೆ ಸಾಮಾನು: ಫೋಟೋ ನೋಡಿ ಒಂದೊಂದಕ್ಕೂ ಹೆಸರು ಹಚ್ಚುವುದು ಹೇಗೆ

ಅಜ್ಜಿಯ ಕಾಲದ ದೇವರ ಸಾಮಾನು ಪಾಲಿಗೆ ಬಂದಾಗ, ಅಥವಾ ಹಳೆ ಮನೆ ಖಾಲಿ ಮಾಡುವಾಗ, ಯಾರಾದರೂ ಒಂದು ಫೋಟೋ ಕಳಿಸಿ "ಇದರಲ್ಲಿ ಯಾವುದು ಏನು?" ಅಂತ ಕೇಳುತ್ತಾರೆ. ಆ ಫೋಟೋ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಎಲ್ಲವನ್ನೂ ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕಿ, ನೆಲದ ಮೇಲೆ ಸಾಲಾಗಿ ಇಟ್ಟು, ಫ್ಲಾಶ್ ಹಾಕಿ, ನಿಂತಲ್ಲಿಂದಲೇ ತೆಗೆದಿರುತ್ತಾರೆ. ಆ ಒಂದು ಫೋಟೋದಿಂದ ಅರ್ಧ ಸಾಮಾನಿನ ಹೆಸರನ್ನೂ ನಂಬಿಕೆಯಿಂದ ಹೇಳಲು ಆಗುವುದಿಲ್ಲ. ಒಂದು ಸಣ್ಣ ಬಟ್ಟಲು ಗಂಧದ ಬಟ್ಟಲೂ ಆಗಬಹುದು, ತೀರ್ಥದ ಬಟ್ಟಲೂ ಆಗಬಹುದು, ಬಿಚ್ಚಿಟ್ಟ ಕಾಲುದೀಪದ ಮೇಲಿನ ತುಂಡೂ ಆಗಬಹುದು. ಮೂರೂ ದೂರದಿಂದ ಒಂದೇ ಥರ ಕಾಣುತ್ತವೆ.

ಆದ್ದರಿಂದ ಆಕಾರ ನೋಡಿ ಹೆಸರು ಹುಡುಕಬೇಡಿ, ಬಳಕೆಯ ಗುರುತು ನೋಡಿ. ಬೆಂಕಿ ಎಲ್ಲಿ ಕೂರುತ್ತಿತ್ತು, ನೀರು ಎಲ್ಲಿಂದ ಹೊರಗೆ ಬರುತ್ತಿತ್ತು, ಕೈ ಎಲ್ಲಿ ಹಿಡಿಯುತ್ತಿತ್ತು. ಈ ಮೂರು ಪ್ರಶ್ನೆಗೆ ಫೋಟೋದಲ್ಲಿ ಉತ್ತರ ಸಿಕ್ಕರೆ ಹೆಸರು ತಾನಾಗಿ ಸಿಗುತ್ತದೆ.

ಮೊದಲು ಫೋಟೋ ಸರಿ ಮಾಡಿಕೊಳ್ಳಿ

ತಿಕ್ಕುವ ಮುಂಚೆಯೇ ಫೋಟೋ ತೆಗೆಯಿರಿ. ಇದು ಎಲ್ಲಕ್ಕಿಂತ ಮುಖ್ಯ. ಮಸಿ, ಎಣ್ಣೆ ಜಿಡ್ಡು, ಕುಂಕುಮದ ಕಲೆ, ಕರ್ಪೂರದ ಕಪ್ಪು ಇವೇ ನಮ್ಮ ಸಾಕ್ಷಿ. ಒಮ್ಮೆ ತಿಕ್ಕಿದರೆ ಅವೆಲ್ಲ ಹೋಗಿಬಿಡುತ್ತವೆ.

ಮೊದಲ ಫೋಟೋ ಏನನ್ನೂ ಅಲುಗಾಡಿಸದೆ, ದೇವರ ಮನೆಯಲ್ಲಿ ಇದ್ದ ಹಾಗೇ ತೆಗೆಯಿರಿ. ಯಾವ ಚಮಚ ಯಾವ ಪಾತ್ರೆಯೊಳಗಿದೆ, ಯಾವ ತಟ್ಟೆಯ ಮೇಲೆ ಏನು ಕೂತಿದೆ, ಯಾವ ಎರಡು ದೀಪ ಜೋಡಿ ಎನ್ನುವುದು ಇದರಲ್ಲಿ ಮಾತ್ರ ಉಳಿಯುತ್ತದೆ. ಎತ್ತಿ ಕೆಳಗಿಟ್ಟ ಮೇಲೆ ಈ ಸಂಬಂಧ ಮತ್ತೆ ಗೊತ್ತಾಗುವುದಿಲ್ಲ.

ಆಮೇಲೆ ಒಂದೊಂದನ್ನೂ ಬೇರೆಯಾಗಿ ಇಟ್ಟು ಮೂರು ಫೋಟೋ: ಪಾತ್ರೆಯ ಎತ್ತರಕ್ಕೆ ಕ್ಯಾಮೆರಾ ಇಳಿಸಿ ಎದುರಿನಿಂದ ಒಂದು, ನೇರ ಮೇಲಿನಿಂದ ಒಂದು, ಬೋರಲು ಹಾಕಿ ತಳದ್ದು ಒಂದು. ತಳದ ಫೋಟೋವನ್ನು ಜನ ಬಿಟ್ಟೇಬಿಡುತ್ತಾರೆ. ಆದರೆ ತೂತು, ತಿರುಪು, ಬೆಸುಗೆ, ಕೆತ್ತಿದ ಹೆಸರು ಬಹಳ ಸಲ ಇರುವುದು ಅಲ್ಲೇ. ದೀಪ ಬೋರಲು ಹಾಕುವ ಮುಂಚೆ ಎಣ್ಣೆ ಬಸಿದಿಡಿ. ಪಕ್ಕದಲ್ಲಿ ಒಂದು ಸ್ಕೇಲ್ ಇರಲಿ, ಇಲ್ಲದಿದ್ದರೆ ಒಂದು ಗೇಣಿನ ದೀಪವೂ ಒಂದು ಮೊಳದ ದೀಪವೂ ಫೋಟೋದಲ್ಲಿ ಒಂದೇ ಅಳತೆಗೆ ಕಾಣುತ್ತವೆ.

ಫ್ಲಾಶ್ ಬೇಡ. ಹಿತ್ತಾಳೆಯ ಮೇಲೆ ಫ್ಲಾಶ್ ಬಿದ್ದರೆ ಬಿಳಿ ಚುಕ್ಕೆಯಾಗಿ ಕೆತ್ತನೆ ಮುಚ್ಚಿಹೋಗುತ್ತದೆ. ಕಿಟಕಿಯ ಬೆಳಕು ಪಕ್ಕದಿಂದ ಬಿದ್ದರೆ ಸಾಕು. ಕೆಳಗೆ ಬಿಳಿ ಹಾಳೆ ಹಾಸಿದರೆ ಲೋಹದ ಬಣ್ಣ ತಕ್ಕಮಟ್ಟಿಗೆ ಸರಿಯಾಗಿ ಬರುತ್ತದೆ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, ಸುಮ್ನೆ ಫೋಟೋ ಆಗಿ ಕಳಿಸಿದರೆ ಸಣ್ಣ ಅಕ್ಷರಗಳು ಮಸುಕಾಗುತ್ತವೆ.

ಇನ್ನೊಂದು ಮಾತು. ಮಡಿ ಇರುವ ಮನೆಯಲ್ಲಿ ನೀವೇ ಕೈ ಹಾಕಬೇಡಿ. ಪೂಜೆ ಮಾಡುವವರನ್ನೇ ಕೇಳಿ, ಅವರು ಎತ್ತಿ ತೋರಿಸಲಿ, ನೀವು ಫೋಟೋ ತೆಗೆಯಿರಿ. ಇದರಿಂದ ಒಂದು ಲಾಭವೂ ಇದೆ. ಅವರು ಎತ್ತುವ ರೀತಿಯಲ್ಲೇ ಅದರ ಕೆಲಸ ಅರ್ಧ ತಿಳಿದುಬಿಡುತ್ತದೆ.

ಬೆಂಕಿಯ ಸಾಮಾನು

ಮಸಿ ಇರುವುದನ್ನೆಲ್ಲ ಒಂದು ಕಡೆ ಸೇರಿಸಿ. ಇದರಲ್ಲಿ ನಿಲ್ಲಿಸಿ ಇಡುವ ದೀಪ, ತೂಗುವ ದೀಪ, ಕೈಯಲ್ಲಿ ಹಿಡಿದು ಬೆಳಗುವ ಆರತಿ ಅಂತ ಮೂರು ಗುಂಪು. ಸರಪಳಿ ಅಥವಾ ಕೊಕ್ಕೆ ಇದ್ದರೆ ತೂಗುದೀಪ, ಅಲ್ಲಿ ಗೊಂದಲವೇ ಇಲ್ಲ. ತೊಡಕಿರುವುದು ಉಳಿದ ಎರಡರಲ್ಲಿ.

ನಿಲ್ಲಿಸುವ ದೊಡ್ಡ ದೀಪಕ್ಕೆ ನಮ್ಮಲ್ಲಿ ಹೆಚ್ಚಾಗಿ ಕಾಲುದೀಪ, ದೀಪದ ಕಂಬ ಅಂತಾರೆ, ಉತ್ತರ ಕರ್ನಾಟಕದ ಮನೆಗಳಲ್ಲಿ ಸಮೆ ಅಂತಾರೆ. ಅದರ ತುಂಡುಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ. ಎಲ್ಲಕ್ಕಿಂತ ಕೆಳಗೆ ಪಾದ. ಅಗಲವಾಗಿ, ತೂಕವಾಗಿ ಇರುತ್ತದೆ. ಅಂಚು ಸ್ವಲ್ಪ ಮೇಲಕ್ಕೆ ಮಡಚಿದ್ದರೆ ಅದು ತೊಟ್ಟಿಕ್ಕುವ ಎಣ್ಣೆ ನೆಲಕ್ಕೆ ಹೋಗದಿರಲಿ ಅಂತ. ಅದರ ಮೇಲೆ ಕಂಬ, ಕಂಬದಲ್ಲಿ ಬಳೆಯಂತಹ ಗಂಟುಗಳು. ಕಂಬ ಒಂದೇ ತುಂಡಾಗಿರಬಹುದು, ಎರಡು ಮೂರು ತುಂಡಾಗಿ ತಿರುಪಿನಿಂದ ಸೇರಿರಬಹುದು. ಮೇಲೆ ಎಣ್ಣೆಯ ಬಟ್ಟಲು, ಬಟ್ಟಲಿನ ಅಂಚಿನಲ್ಲಿ ಬತ್ತಿ ಇಡುವ ಮೂತಿ. ಒಂದು, ಎರಡು, ಐದು, ಎಷ್ಟು ಮೂತಿ ಅಂತ ಎಣಿಸಿ ಬರೆಯಿರಿ, ಎರಡು ದೀಪ ಜೋಡಿಯೋ ಅಲ್ಲವೋ ಎನ್ನುವುದಕ್ಕೆ ಅದು ಬೇಕು. ತುತ್ತತುದಿಯಲ್ಲಿ ಹಂಸವೋ, ನವಿಲೋ, ಮೊಗ್ಗೋ ಇರುತ್ತದೆ, ಅದನ್ನು ಶಿಖರ ಅನ್ನಿ, ಇಲ್ಲವೇ ಮೇಲಿನ ಹಂಸ ಅಂತಲೇ ಬರೆಯಿರಿ.

ಬಿಚ್ಚಿಟ್ಟಾಗ ಈ ತುಂಡುಗಳೇ ಎಲ್ಲರನ್ನೂ ದಾರಿ ತಪ್ಪಿಸುವುದು. ಬೋರಲಾಗಿ ಬಿದ್ದ ಪಾದವನ್ನು ಆಳವಿಲ್ಲದ ತಟ್ಟೆ ಅಂದುಕೊಳ್ಳುತ್ತಾರೆ. ಮೇಲಿನ ಹಂಸವನ್ನು ಬೇರೆ ವಿಗ್ರಹ ಅಂತ ಪೂಜೆಗೆ ಇಟ್ಟವರೂ ಇದ್ದಾರೆ. ಎಣ್ಣೆಯ ಬಟ್ಟಲನ್ನು ಅಭಿಷೇಕದ ಪಾತ್ರೆ ಅಂತ ಬರೆದಿಡುತ್ತಾರೆ, ಯಾಕೆಂದರೆ ತಳದ ನಡುವೆ ತೂತಿರುತ್ತದೆ. ಇಲ್ಲಿ ತಳದ ಫೋಟೋ ಕೆಲಸಕ್ಕೆ ಬರುತ್ತದೆ. ದೀಪದ ಬಟ್ಟಲಿನ ತೂತು ಹೆಬ್ಬೆರಳು ಗಾತ್ರದ್ದು ಅಥವಾ ಕಿರುಬೆರಳಿನಷ್ಟು, ಒಳಗೆ ತಿರುಪಿನ ಗೆರೆ ಇರುತ್ತದೆ, ಇಲ್ಲವೇ ತೂತಿನ ಬದಲು ಕೆಳಗೆ ತಿರುಪಿನ ಮೊಳೆಯೇ ಚಾಚಿರುತ್ತದೆ. ಶಿವಲಿಂಗದ ಮೇಲೆ ತೂಗಿಬಿಡುವ ಧಾರಾಪಾತ್ರೆಯ ತೂತು ಬಹಳ ಸಣ್ಣದು, ಹನಿ ಹನಿಯಾಗಿ ನೀರು ಬೀಳುವಷ್ಟು ಮಾತ್ರ. ಅದಕ್ಕೆ ತಿರುಪಿರುವುದಿಲ್ಲ. ಸರಪಳಿ ಕಟ್ಟಲು ಅಂಚಿನಲ್ಲಿ ಕಿವಿಗಳು ಇರುತ್ತವೆ, ಇಲ್ಲವೇ ಅದನ್ನು ಕೂರಿಸುವ ಮೂರು ಕಾಲಿನ ಸ್ಟ್ಯಾಂಡ್ ಜೊತೆಗಿರುತ್ತದೆ.

ಎರಡು ದೀಪದ ತುಂಡು ಒಂದಕ್ಕೊಂದು ಬೆರೆತಿರುವುದೂ ಬಹಳ ಸಾಮಾನ್ಯ. ಎದುರಿನಿಂದ ತೆಗೆದ ಫೋಟೋದಲ್ಲಿ ಸೇರುವ ಜಾಗ ದೊಡ್ಡದು ಮಾಡಿ ನೋಡಿ. ಸಂದಿ ಕಂಡರೆ, ಕಂಬ ಒಂದು ಕಡೆ ವಾಲಿದ್ದರೆ, ಮೇಲಿನ ತುಂಡು ಕೆಂಪು ಹಳದಿ ಕೆಳಗಿನದು ಹಸಿರು ಹಳದಿ ಅನ್ನಿಸಿದರೆ, ಅದು ಮೂಲ ಜೋಡಣೆ ಅಲ್ಲದಿರಬಹುದು. ಬಲವಂತವಾಗಿ ತಿರುಗಿಸಬೇಡಿ. ಹಳೆ ಹಿತ್ತಾಳೆಯ ತಿರುಪು ಸವೆದಿರುತ್ತದೆ, ಒಮ್ಮೆ ಎಳೆ ಕಿತ್ತುಹೋದರೆ ದೀಪ ಮತ್ತೆ ನೆಟ್ಟಗೆ ನಿಲ್ಲುವುದಿಲ್ಲ.

ಸಣ್ಣ ದೀಪಗಳಲ್ಲಿ ನೀಲಾಂಜನ ಮತ್ತು ಮಾಮೂಲಿ ಎಣ್ಣೆ ದೀಪ ಇವೆರಡನ್ನು ಬೇರೆ ಮಾಡುವುದು ಮಸಿ. ಉದ್ದ ಬತ್ತಿ ಅಂಚಿಗೆ ಒರಗಿ ಉರಿಯುತ್ತದೆ, ಹಾಗಾಗಿ ಮಸಿ ಮೂತಿಯ ತುದಿಯಲ್ಲಿ. ತುಪ್ಪದ ಹೂಬತ್ತಿ ಬಟ್ಟಲಿನ ನಡುವೆ ನೆಟ್ಟಗೆ ನಿಂತು ಉರಿಯುತ್ತದೆ, ಹಾಗಾಗಿ ಕಪ್ಪು ನಡುವೆ. ಸಣ್ಣ ಕಾಲು, ಗುಂಡು ಬಟ್ಟಲು, ಮೂತಿ ಇಲ್ಲ, ಕಪ್ಪು ನಡುವೆ ಅಂದರೆ ನೀಲಾಂಜನ ಅಂತ ಬರೆಯಬಹುದು. ಇದನ್ನು ಮೇಲಿನಿಂದ ತೆಗೆದ ಫೋಟೋದಲ್ಲಿ ಮಾತ್ರ ನೋಡಲು ಆಗುತ್ತದೆ.

ಹಿಡಿ ಇರುವವುಗಳಲ್ಲಿ ಬಟ್ಟಲು ಎಣಿಸಿ. ಒಂದೇ ಬಟ್ಟಲು ಇದ್ದರೆ ಏಕಾರತಿ, ಐದು ಇದ್ದರೆ ಪಂಚಾರತಿ. ಬಟ್ಟಲು ಬಹಳ ಚಪ್ಪಟೆಯಾಗಿದ್ದು, ಎಣ್ಣೆ ಜಿಡ್ಡು ಇಲ್ಲದೆ ಒಣಗಿದ ಕಪ್ಪು ಪದರ ಮಾತ್ರ ಇದ್ದರೆ ಅದು ಕರ್ಪೂರದ ಆರತಿ. ಆಳವಾದ ಬಟ್ಟಲು, ಒಳಗೆ ಬೂದಿ, ಹೊಗೆ ಬಿಡಲು ತೂತಿರುವ ಮುಚ್ಚಳ ಇದ್ದರೆ ಧೂಪಾರತಿ. ಮುಚ್ಚಳ ಕಳೆದುಹೋಗಿರುತ್ತದೆ ಎಷ್ಟೋ ಸಲ, ಆಗ ಬೂದಿಯೇ ಗುರುತು. ಕೆಂಡ ಹಿಡಿಯುವ ಪಾತ್ರೆಯಾದ್ದರಿಂದ ಒಳಮೈ ಒರಟಾಗಿ, ಬಣ್ಣಗೆಟ್ಟು ಇರುತ್ತದೆ.

ನೀರಿನ ಸಾಮಾನು

ಇಲ್ಲಿ ಬಾಯಿ ನೋಡಿ. ಪಂಚಪಾತ್ರೆ ಲೋಟದ ಹಾಗೆ ನೆಟ್ಟಗಿರುತ್ತದೆ, ಅಂಚು ಸ್ವಲ್ಪ ಹೊರಕ್ಕೆ ಬಾಗಿರುತ್ತದೆ, ಹೆಚ್ಚಾಗಿ ತಾಮ್ರದ್ದು. ಅದರೊಳಗೆ ಇರುವ ಪುಟ್ಟ ಚಮಚ ಉದ್ಧರಣೆ. ಆಚಮನಕ್ಕೆ, ತೀರ್ಥ ಕೊಡುವುದಕ್ಕೆ ಇದೇ. ಅದರ ಹಿಡಿಯ ತುದಿಯಲ್ಲಿ ಹಾವಿನ ಹೆಡೆಯಂತಹ ಬಾಗು ಇರುವುದುಂಟು. ಕೆಲವರು ಪಾತ್ರೆ, ಉದ್ಧರಣೆ, ತಟ್ಟೆ ಮೂರನ್ನೂ ಸೇರಿಸಿ ಪಂಚಪಾತ್ರೆ ಅನ್ನುತ್ತಾರೆ, ಆದ್ದರಿಂದ ಮನೆಯವರು ಆ ಹೆಸರು ಹೇಳಿದರೆ ಯಾವುದನ್ನು ಅಂತ ಒಮ್ಮೆ ಕೇಳಿಕೊಳ್ಳಿ.

ಕೊಕ್ಕಿನಂತಹ ಮೂತಿ ಪಕ್ಕದಿಂದ ಬಂದಿದ್ದರೆ ಅದು ಗಿಂಡಿ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಜಾಸ್ತಿ. ಮೇಲೆ ಕಮಾನಿನಂತಹ ಹಿಡಿಯೂ ಇದ್ದರೆ ಕಮಂಡಲು. ಮೂತಿಯಿಲ್ಲದೆ ಹೊಟ್ಟೆ ಅಗಲ, ಕತ್ತು ಸಣ್ಣ ಆದರೆ ತಂಬಿಗೆ ಅಥವಾ ಚೊಂಬು. ಕಲಶ ಅಂತ ಬೇರೆ ಆಕಾರವೇನೂ ಬೇಕಾಗಿಲ್ಲ. ಆ ತಂಬಿಗೆಯ ಬಾಯಿಗೆ ತೆಂಗಿನಕಾಯಿ ಸರಿಯಾಗಿ ಕೂತು, ವ್ರತದ ದಿನ ಅದನ್ನೇ ಇಡುತ್ತಿದ್ದರೆ ಅದು ಆ ಮನೆಯ ಕಲಶ. ಫೋಟೋ ನೋಡಿ ಇದನ್ನು ತೀರ್ಮಾನ ಮಾಡಲು ಆಗುವುದಿಲ್ಲ. "ತಂಬಿಗೆ, ವರಮಹಾಲಕ್ಷ್ಮಿಗೆ ಕಲಶ ಇಡುವುದು" ಅಂತ ಬರೆದರೆ ಎರಡೂ ಉಳಿಯುತ್ತದೆ.

ಒಂದು ಎಚ್ಚರ. ಸಣ್ಣ ತಾಮ್ರದ ತಂಬಿಗೆಯ ಬಾಯಿಗೆ ಬೆಸುಗೆ ಹಾಕಿ ಮುಚ್ಚಿದ್ದರೆ ಅದು ಕಾಶಿಯಿಂದ ತಂದ ಗಂಗಾಜಲ ಇರಬಹುದು. ಕೆಟ್ಟುಹೋದ ಪಾತ್ರೆ, ಒಳಗೆ ಏನಿದೆ ನೋಡೋಣ ಅಂತ ಬೆಸುಗೆ ಬಿಡಿಸಬೇಡಿ. ಹಿರಿಯರನ್ನು ಕೇಳಿ, ಗಂಗಾಜಲದ ತಂಬಿಗೆ ಅಂತ ಹೆಸರು ಹಚ್ಚಿ, ಹಾಗೇ ಇಡಿ.

ಪಾತ್ರೆಯ ಒಳಮೈ ಬೆಳ್ಳಿಯ ಹಾಗೆ ಬೆಳ್ಳಗಿದ್ದರೆ ಅದು ಕಲಾಯಿ, ಅಂದರೆ ತವರದ ಲೇಪ. ಅಡುಗೆ, ಪಾಯಸ, ಹುಳಿ ಇಡುವ ಪಾತ್ರೆಗೆ ಮಾತ್ರ ಕಲಾಯಿ ಹಾಕಿಸುತ್ತಾರೆ. ಹಾಗಾಗಿ ಕಲಾಯಿ ಕಂಡರೆ ಅದು ನೈವೇದ್ಯದ ಪಾತ್ರೆ ಅನ್ನುವ ಕಡೆಗೆ ಯೋಚಿಸಿ. ದೀಪಕ್ಕೆ ಯಾರೂ ಕಲಾಯಿ ಹಾಕಿಸುವುದಿಲ್ಲ.

ತಟ್ಟೆ, ಗಂಟೆ, ಉಳಿದದ್ದು

ಅಂಚು ಎತ್ತಿದ ಅಗಲ ತಟ್ಟೆ ಹರಿವಾಣ. ಆದರೆ ಫೋಟೋದಲ್ಲಿ ಜಾಗಟೆಯೂ ಹಾಗೇ ಕಾಣುತ್ತದೆ. ಜಾಗಟೆ ದಪ್ಪ, ಕಂಚಿನದು, ಅಂಚಿನ ಹತ್ತಿರ ದಾರ ಕಟ್ಟಲು ಎರಡು ತೂತು ಇರುತ್ತವೆ, ಬಡಿದ ಜಾಗದಲ್ಲಿ ಸಣ್ಣ ಸಣ್ಣ ತಗ್ಗುಗಳಿರುತ್ತವೆ. ತೂತು ಕಂಡರೆ ತಟ್ಟೆ ಅಂತ ಬರೆಯಬೇಡಿ, ಬಡಿಯುವ ಕೋಲು ಎಲ್ಲಿದೆ ಅಂತ ಹುಡುಕಿ.

ಕೈಗಂಟೆಯಲ್ಲಿ ಹಿಡಿಯ ತುದಿ ನೋಡಿ. ರೆಕ್ಕೆ ಇದ್ದು ಕೈಮುಗಿದಿದ್ದರೆ ಗರುಡ, ಬಾಲ ಇದ್ದರೆ ಹನುಮಂತ, ಮಲಗಿದ ಬಸವ ಇದ್ದರೆ ನಂದಿ. ಸವೆದ ಗಂಟೆಯಲ್ಲಿ ಗರುಡ ಹನುಮಂತ ಒಂದೇ ಥರ ಕಾಣುತ್ತಾರೆ, ಅಲ್ವಾ, ಅದಕ್ಕೇ ಹಿಂಬದಿಯ ಫೋಟೋ ಬೇಕು. ರೆಕ್ಕೆಯೋ ಬಾಲವೋ ಹಿಂದಿನಿಂದಲೇ ಗೊತ್ತಾಗುವುದು. ಒಳಗಿನ ನಾಲಿಗೆ ಇದೆಯೋ ಬಿದ್ದುಹೋಗಿದೆಯೋ ಅದನ್ನೂ ಬರೆಯಿರಿ.

ಮೂರು ಕಾಲಿನ ಪುಟ್ಟ ಸ್ಟ್ಯಾಂಡ್ ಒಂಟಿಯಾಗಿ ಸಿಕ್ಕರೆ ಅದು ಶಂಖ ಇಡುವ ಅಡ್ಡಣಿಗೆ ಇರಬಹುದು. ಶಂಖವನ್ನು ಅದರ ಮೇಲೆ ಕೂರಿಸಿ ನೋಡಿದರೆ ತಿಳಿಯುತ್ತದೆ. ಕುಂಕುಮದ ಭರಣಿ, ಗಂಧದ ಬಟ್ಟಲು ಇವಕ್ಕೆ ಮೂಲೆಯಲ್ಲಿ ಉಳಿದ ಪುಡಿಯೇ ಸಾಕು.

ಲೋಹದ ಬಗ್ಗೆ ಫೋಟೋ ನೋಡಿ ಜಾಸ್ತಿ ಧೈರ್ಯ ಮಾಡಬೇಡಿ. ಕೆಂಪಗಿದ್ದರೆ ತಾಮ್ರ, ಹಳದಿಯಾದರೆ ಹಿತ್ತಾಳೆ ಅನ್ನಬಹುದು. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು, ಕಂಚು ಎಂದರೆ ತಾಮ್ರ ಮತ್ತು ತವರ. ಮನೆಯವರಿಗೆ ಒಂದು ಅಯಸ್ಕಾಂತ ಹಿಡಿಯಲು ಹೇಳಿ. ಈ ಮೂರಕ್ಕೂ ಅದು ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಬಣ್ಣದ ಲೇಪ ಅಷ್ಟೇ.

ಒಂದು ಮನೆಯ ಫೋಟೋ ಹಿಡಿದು ನೋಡೋಣ

ಸಾಗರದ ಕಡೆಯ ಒಂದು ಮನೆ ಅಂತಿಟ್ಟುಕೊಳ್ಳಿ. ಅತ್ತೆ ಆ ಊರಿನವರೇ, ಸೊಸೆ ಧಾರವಾಡದ ಕಡೆಯವರು. ಫೋಟೋದಲ್ಲಿ ಎರಡು ಎತ್ತರದ ದೀಪ, ಒಂದು ಬಟ್ಟಲು, ಒಂದು ತಟ್ಟೆ, ತಾಮ್ರದ ಲೋಟದಲ್ಲಿ ಚಮಚ, ಇನ್ನೊಂದು ದೊಡ್ಡ ತಟ್ಟೆ. ಮನೆಯವರು ಬರೆದು ಕಳಿಸಿದ್ದು ಹೀಗೆ: ದೀಪ ಎರಡು, ಅಭಿಷೇಕದ ಪಾತ್ರೆ ಒಂದು, ತಟ್ಟೆ ಎರಡು, ಲೋಟ ಒಂದು.

ಲೋಟ ಸುಲಭ. ತಾಮ್ರ, ನೆಟ್ಟಗಿನ ಮೈ, ಒಳಗೆ ಉದ್ಧರಣೆ. ಪಂಚಪಾತ್ರೆ ಅಂತ ಬರೆದು ಮುಂದೆ ಹೋಗಿ.

ಅಭಿಷೇಕದ ಪಾತ್ರೆ ಅಂದದ್ದರ ಅಂಚಿನಲ್ಲಿ ಐದು ಮೂತಿ ಇವೆ. ನೀರಿನ ಪಾತ್ರೆಗೆ ಐದು ಮೂತಿ ಯಾಕೆ? ತಳದ ಫೋಟೋ ತರಿಸಿದರೆ ನಡುವೆ ತಿರುಪಿನ ತೂತು, ಮೂತಿಯ ತುದಿಗಳಲ್ಲಿ ಮಾಸಿದ ಕಪ್ಪು. ಹಾಗಾದರೆ ಇದು ಮೂರನೆಯ ಒಂದು ಕಾಲುದೀಪದ ಎಣ್ಣೆಯ ಬಟ್ಟಲು. ಇಷ್ಟು ಗೊತ್ತಾದ ಮೇಲೆ ಅದರ ಉಳಿದ ತುಂಡು ಎಲ್ಲಿ ಅಂತ ಹುಡುಕಬೇಕು. ಮೊದಲ ತಟ್ಟೆಯನ್ನು ಮಗುಚಿ ತೋರಿಸಿ ಅಂತ ಕೇಳಿದರೆ, ಅದರ ನಡುವೆ ತಿರುಪಿನ ಗುಬುಟು ಕಾಣುತ್ತದೆ. ಅದು ತಟ್ಟೆ ಅಲ್ಲ, ಅದೇ ದೀಪದ ಪಾದ. ಕಂಬ ಮತ್ತು ಹಂಸ ಮನೆಯ ಅಟ್ಟದಲ್ಲೋ ಇನ್ನೊಬ್ಬರ ಪಾಲಿನಲ್ಲೋ ಇರಬೇಕು.

ಎತ್ತರದ ಎರಡು ದೀಪದಲ್ಲಿ ಒಂದಕ್ಕೆ ಐದು ಮೂತಿ, ಇನ್ನೊಂದಕ್ಕೆ ಎರಡು. ಪಾದದ ಅಗಲವೂ ಬೇರೆ. ಅಕ್ಕಪಕ್ಕ ಇಟ್ಟಿದ್ದಾರೆ ಅಂತ ಜೋಡಿ ಅನ್ನುವ ಹಾಗಿಲ್ಲ. ಕೇಳಿದಾಗ ಅತ್ತೆ ಒಂದಕ್ಕೆ ಕಾಲುದೀಪ ಅಂತಾರೆ, ಸೊಸೆ ತವರಿನಿಂದ ತಂದದ್ದಕ್ಕೆ ಸಮೆ ಅಂತಾರೆ. ಇಲ್ಲಿ ಯಾರನ್ನೂ ತಿದ್ದುವ ಅಗತ್ಯ ಇಲ್ಲ. ಎರಡೂ ಹೆಸರು ಬರೆಯಿರಿ, ಯಾವ ದೀಪ ಯಾವ ಮನೆಯಿಂದ ಬಂತು ಎನ್ನುವುದು ಆ ಹೆಸರಿನಲ್ಲೇ ಉಳಿಯುತ್ತದೆ.

ದೊಡ್ಡ ತಟ್ಟೆ ಹರಿವಾಣವೇ, ಅಂಚಿನಲ್ಲಿ ತೂತಿಲ್ಲ. ಆದರೆ ಹಿಂಬದಿಯಲ್ಲಿ ಚುಕ್ಕೆ ಚುಕ್ಕೆಯಾಗಿ ಹೊಡೆದ ಅಕ್ಷರ ಇದೆ: "ಪ್ಲವ ಸಂ. ಮಾಘ". ಮದುವೆ, ಉಪನಯನದ ಮುಯ್ಯಿ ಪಾತ್ರೆಗೆ ಹೀಗೆ ಹೆಸರು, ತಿಂಗಳು ಹೊಡೆಸುವುದು ರೂಢಿ. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಪ್ಲವ ಅಂದರೆ 2021-22, ಅದಕ್ಕೆ ಹಿಂದೆ 1961-62, ಅದಕ್ಕೂ ಹಿಂದೆ 1901-02. ಮಾಘ ಬರುವುದು ಆ ಸಂವತ್ಸರದ ಕೊನೆಯ ಭಾಗದಲ್ಲಿ, ಅಂದರೆ 1962ರ ಮೊದಲ ತಿಂಗಳುಗಳು, ಇಲ್ಲವೇ 1902ರದ್ದು. ಯಾವುದು ಅಂತ ಮನೆಯ ಮದುವೆಗಳ ಲೆಕ್ಕ ಹಾಕಿದರೆ ತಿಳಿಯುತ್ತದೆ. ಅತ್ತೆಯ ಮದುವೆ 1962ರಲ್ಲಿ ಆಗಿದ್ದರೆ ಇದು ಅವರ ಮದುವೆಯ ಹರಿವಾಣ ಅಂತ ಹೆಚ್ಚುಕಮ್ಮಿ ಹೇಳಬಹುದು. ಒಂದು ವಿಷಯ ಮರೆಯಬೇಡಿ, ಅಕ್ಷರ ಪಾತ್ರೆ ಮಾಡಿದ ಕಾಲ ಹೇಳುವುದಿಲ್ಲ, ಕೊಟ್ಟ ಕಾಲ ಹೇಳುತ್ತದೆ. ಹಳೆ ಪಾತ್ರೆಗೆ ಹೊಸದಾಗಿ ಹೆಸರು ಹೊಡೆಸಿ ಕೊಡುವುದೂ ಇತ್ತು.

ಹೆಸರು ಬರೆದಿಡುವುದು

ಒಂದು ನೋಟ್‌ಬುಕ್ ಸಾಕು. ಒಂದೊಂದು ಸಾಮಾನಿಗೂ ಫೋಟೋದ ನಂಬರು, ಮನೆಯವರು ಕರೆಯುವ ಹೆಸರು, ಬೇರೆಯವರಿಗೂ ತಿಳಿಯುವ ಹೆಸರು, ಎತ್ತರ ಅಗಲ, ಮತ್ತು ಆ ಹೆಸರು ಯಾಕೆ ಅಂದಿರಿ ಎನ್ನುವ ಒಂದು ಸಾಲು. "ನೀಲಾಂಜನ, ಮೂತಿ ಇಲ್ಲ, ಕಪ್ಪು ನಡುವೆ" ಅಂತ ಬರೆದಿದ್ದರೆ ನಾಳೆ ಇನ್ನೊಬ್ಬರು ಅದನ್ನು ಪರೀಕ್ಷೆ ಮಾಡಬಹುದು. ಬಿಚ್ಚುವ ದೀಪ ಆದರೆ ತುಂಡುಗಳಿಗೆ ಕೆಳಗಿನಿಂದ 1, 2, 3 ಅಂತ ನಂಬರು ಕೊಟ್ಟು ದಾರದಲ್ಲಿ ಚೀಟಿ ಕಟ್ಟಿ. ಲೋಹದ ಮೇಲೆ ಅಂಟು ಪಟ್ಟಿ ಹಚ್ಚಬೇಡಿ, ಕಲೆ ಉಳಿಯುತ್ತದೆ.

ಮನೆಯ ಹಿರಿಯರನ್ನು ಕೇಳುವಾಗ "ಇದು ಧೂಪಾರತಿ ಅಲ್ವಾ ಅಜ್ಜಿ?" ಅಂತ ಕೇಳಿದರೆ ಹೌದು ಅಂದುಬಿಡುತ್ತಾರೆ, ನಿಮ್ಮ ಮಾತು ತೆಗೆದುಹಾಕಲು ಮನಸ್ಸು ಬರುವುದಿಲ್ಲ. "ಅಜ್ಜಿ, ಇದರಲ್ಲಿ ಏನು ಮಾಡ್ತಿದ್ರಿ?" ಅಂತ ಕೇಳಿ. ಯಾವ ಹಬ್ಬದಲ್ಲಿ ಹೊರಗೆ ತೆಗೆಯುತ್ತಿದ್ದರು, ಯಾರು ಹಿಡಿಯುತ್ತಿದ್ದರು, ಪೂಜೆಯ ಯಾವ ಹೊತ್ತಿನಲ್ಲಿ ಅಂತ ಕೇಳಿ. ಅವರು ಹೇಳಿದ್ದಕ್ಕೂ ಫೋಟೋದ ಗುರುತಿಗೂ ಹೊಂದಿದರೆ ಹೆಸರು ಗಟ್ಟಿ. ಹೊಂದದಿದ್ದರೆ ಎರಡನ್ನೂ ಬರೆದು ಪಕ್ಕಕ್ಕೆ ಪ್ರಶ್ನೆ ಗುರುತು ಹಾಕಿ. ಏನೂ ತಿಳಿಯದ ತುಂಡಿಗೆ ಊಹೆಯ ಹೆಸರು ಬೇಡ, "ಹಿತ್ತಾಳೆ ಬಟ್ಟಲು, ಮೂರು ಕಾಲು, ಮಸಿ ಇಲ್ಲ, ತೂತು ಇಲ್ಲ" ಅಂತ ಕಂಡಷ್ಟೇ ಬರೆಯಿರಿ.